ಪ್ರೌಢಶಾಲೆಯ ಸಿಬ್ಬಂದಿ ಕೈಪಿಡಿ: ರಜೆ, ಬದಲಿ ತರಗತಿ ಮತ್ತು ವೃತ್ತಿ ನಡತೆಯ ಅಧ್ಯಾಯವನ್ನು ಬರೆಯುವ ಕ್ರಮ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಅನುದಾನರಹಿತ ಪ್ರೌಢಶಾಲೆಗಳಲ್ಲಿ ಸಿಬ್ಬಂದಿ ಕೈಪಿಡಿ ಇದ್ದರೂ ಅದರ ರಜೆ ಅಧ್ಯಾಯವು ಬಹುತೇಕ ಒಂದೂವರೆ ಪುಟಕ್ಕೆ ಮುಗಿದುಹೋಗುತ್ತದೆ. ವರ್ಷಕ್ಕೆ ಇಷ್ಟು ಸಾಂದರ್ಭಿಕ ರಜೆ, ಇಷ್ಟು ವೈದ್ಯಕೀಯ ರಜೆ, ಅರ್ಜಿಯನ್ನು ಮುಂಚಿತವಾಗಿ ಕೊಡತಕ್ಕದ್ದು, ತಪ್ಪಿದಲ್ಲಿ ವೇತನ ಕಡಿತ ಎಂಬಷ್ಟರಲ್ಲೇ ವಿಷಯ ಮುಗಿಯುತ್ತದೆ. ಶಿಕ್ಷಕರು ಬಾರದ ದಿನ ಅವರ ತರಗತಿಗಳಲ್ಲಿ ಏನು ನಡೆಯಬೇಕು ಎಂಬ ಮಾತು ಅಲ್ಲಿ ಇರುವುದಿಲ್ಲ. ಈ ಮಾರ್ಗದರ್ಶಿಯನ್ನು ಆ ಕೊರತೆಯನ್ನು ತುಂಬುವ ಉದ್ದೇಶದಿಂದ ಮುಖ್ಯೋಪಾಧ್ಯಾಯರಿಗಾಗಿ ಮತ್ತು ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಗಾಗಿ ಬರೆಯಲಾಗಿದೆ. ರಜೆ, ಬದಲಿ ವ್ಯವಸ್ಥೆ ಮತ್ತು ನಡತೆಯನ್ನು ಮೂರು ಬೇರೆ ಅಧ್ಯಾಯಗಳಾಗಿ ಒಡೆಯದೆ, ತರಗತಿಯ ಅವಧಿಯನ್ನು ನಡುವೆ ಇಟ್ಟುಕೊಂಡು ಒಂದೇ ಅಧ್ಯಾಯವಾಗಿ ಬರೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮಂಜೂರಾದ ಪ್ರತಿಯೊಂದು ರಜೆಯೂ ಯಾವುದೋ ಒಂದು ಕೊಠಡಿಯಲ್ಲಿ ನಲವತ್ತು ಮಕ್ಕಳ ಎದುರು ಖಾಲಿ ಕುರ್ಚಿಯಾಗಿ ಕಾಣಿಸಿಕೊಳ್ಳುತ್ತದೆ.

ಮೊದಲ ಹೆಜ್ಜೆ: ವೇಳಾಪಟ್ಟಿಯ ಲೆಕ್ಕ

ನಿಯಮಗಳನ್ನು ಬರೆಯಲು ಕೂರುವ ಮೊದಲು ಶಾಲೆಯ ವೇಳಾಪಟ್ಟಿಯನ್ನು ಮೇಜಿನ ಮೇಲೆ ಹರಡಿಕೊಳ್ಳಬೇಕು. ಉದಾಹರಣೆಗೆ, 8ರಿಂದ 10ನೆಯ ತರಗತಿಯವರೆಗೆ ತಲಾ ಎರಡು ವಿಭಾಗಗಳಂತೆ ಒಟ್ಟು 6 ವಿಭಾಗಗಳಿರುವ, ಮುಖ್ಯೋಪಾಧ್ಯಾಯರನ್ನು ಬಿಟ್ಟು 10 ಶಿಕ್ಷಕರಿರುವ ಒಂದು ಶಾಲೆಯನ್ನು ತೆಗೆದುಕೊಳ್ಳೋಣ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 7 ಅವಧಿ ಮತ್ತು ಶನಿವಾರ 5 ಅವಧಿ ಎಂದರೆ ಒಂದು ವಿಭಾಗಕ್ಕೆ ವಾರಕ್ಕೆ 40 ಅವಧಿಗಳು, ಇಡೀ ಶಾಲೆಗೆ 240 ಅವಧಿಗಳು, ಒಬ್ಬ ಶಿಕ್ಷಕರಿಗೆ ಸರಾಸರಿ 24 ಅವಧಿಗಳು ಬರುತ್ತವೆ. ಯಾವುದೇ ಅವಧಿಯಲ್ಲಿ 6 ಜನ ತರಗತಿಯಲ್ಲಿರುತ್ತಾರೆ, 4 ಜನ ಬಿಡುವಾಗಿರುತ್ತಾರೆ.

ಇಬ್ಬರು ರಜೆಯಲ್ಲಿದ್ದರೆ ಹಾಜರಿರುವ 8 ಜನರಲ್ಲಿ ಪ್ರತಿ ಅವಧಿಗೂ ಇಬ್ಬರಷ್ಟೇ ಬಿಡುವಾಗಿರಲು ಸಾಧ್ಯ. ಆ ಇಬ್ಬರು ಶಿಕ್ಷಕರ 8 ಅಥವಾ 9 ಅವಧಿಗಳನ್ನು ಹಾಜರಿರುವವರು ತಲಾ ಒಂದರಂತೆ ಹಂಚಿಕೊಂಡು, ಉಳಿದುದನ್ನು ಮುಖ್ಯೋಪಾಧ್ಯಾಯರು ವಹಿಸಿಕೊಂಡರೆ ದಿನ ಸಾಗುತ್ತದೆ. ಮೂವರು ರಜೆಯಲ್ಲಿದ್ದರೆ ಕೆಲವರು ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದೆ ನಿಲ್ಲಬೇಕಾಗುತ್ತದೆ. ನಾಲ್ವರಾದರೆ ಒಬ್ಬರಿಗೆ ಮಧ್ಯಾಹ್ನ ತಲೆನೋವು ಬಂದರೂ ತರಗತಿಯೊಂದು ಶಿಕ್ಷಕರಿಲ್ಲದೆ ಉಳಿಯುತ್ತದೆ. ಹೀಗಾಗಿ ಈ ಶಾಲೆಯ ಕೈಪಿಡಿಯಲ್ಲಿ ‘ಒಂದೇ ದಿನ ಇಬ್ಬರಿಗಿಂತ ಹೆಚ್ಚು ಜನರಿಗೆ ಮುಂಗಡ ಸಾಂದರ್ಭಿಕ ರಜೆಯನ್ನು ಮಂಜೂರು ಮಾಡಲಾಗುವುದಿಲ್ಲ’ ಎಂದು ಬರೆಯುವುದಕ್ಕೆ ಆಧಾರವಿದೆ, ಆ ಆಧಾರವನ್ನು ಕೈಪಿಡಿಯಲ್ಲೇ ಎರಡು ವಾಕ್ಯಗಳಲ್ಲಿ ತೋರಿಸಬೇಕು. ಕಾರಣ ತಿಳಿದ ಮಿತಿಯನ್ನು ಸಿಬ್ಬಂದಿ ಒಪ್ಪುತ್ತಾರೆ. ಕಾರಣ ತಿಳಿಯದ ಮಿತಿಯು ಮುಖ್ಯೋಪಾಧ್ಯಾಯರ ಮನಸ್ಸಿಗೆ ಬಂದಂತೆ ನಡೆಯುತ್ತದೆ ಎಂಬ ಅನುಮಾನಕ್ಕೆ ಎಡೆಮಾಡುತ್ತದೆ.

ಇನ್ನೊಂದು ಲೆಕ್ಕವನ್ನೂ ಮಾಡಿಕೊಳ್ಳಬೇಕು. ತಲಾ 12 ಸಾಂದರ್ಭಿಕ ಮತ್ತು 8 ವೈದ್ಯಕೀಯ ರಜೆಗಳನ್ನು ಕೊಟ್ಟರೆ 10 ಶಿಕ್ಷಕರಿಗೆ ವರ್ಷಕ್ಕೆ 200 ದಿನಗಳ ರಜೆ ಆಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 8ನೆಯ ತರಗತಿಗಳಿಗೆ ವಿಧಿಸಿರುವ ಕನಿಷ್ಠ ಕೆಲಸದ ದಿನಗಳು 220. ಎಲ್ಲರೂ ತಮ್ಮ ರಜೆಯನ್ನು ಪೂರ್ತಿ ಬಳಸಿದರೆ ಹೆಚ್ಚುಕಡಿಮೆ ಪ್ರತಿದಿನವೂ ಒಬ್ಬರು ಗೈರುಹಾಜರಾಗಿರುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ. ದಿನನಿತ್ಯ ಬೇಕಾಗುವ ಇಂಥ ವ್ಯವಸ್ಥೆಯನ್ನು ಅಂದಂದಿನ ಬೆಳಗಿನ ಗಡಿಬಿಡಿಗೆ ಬಿಟ್ಟುಕೊಡುವುದು ಸರಿಯಲ್ಲ.

ಎರಡನೆಯ ಹೆಜ್ಜೆ: ರಜೆಗಳ ವಿಧ ಮತ್ತು ಅವಧಿ

ಅನುದಾನರಹಿತ ಶಾಲೆಯು ಸರ್ಕಾರಿ ನೌಕರರ ನಿಯಮಾವಳಿಯನ್ನು ಹಾಗೆಯೇ ನಕಲು ಮಾಡಿಕೊಳ್ಳುವ ಅಗತ್ಯವಿಲ್ಲ. ಗಳಿಕೆ ರಜೆ, ಅರ್ಧ ವೇತನ ರಜೆ, ಪರಿವರ್ತಿತ ರಜೆ ಎಂದು ಬರೆದಿಟ್ಟು ಯಾವುದನ್ನೂ ಕೊಡದೆ ಇರುವುದಕ್ಕಿಂತ, ಕೊಡುವ ಮೂರು ನಾಲ್ಕು ವಿಧಗಳನ್ನು ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು.

ಸಾಂದರ್ಭಿಕ ರಜೆಯನ್ನು ಜೂನ್‌ನಿಂದ ಮೇ ತಿಂಗಳವರೆಗಿನ ಶೈಕ್ಷಣಿಕ ವರ್ಷಕ್ಕೆ ಲೆಕ್ಕ ಹಾಕಿ, ಜೂನ್‌ನಲ್ಲಿ 6 ಮತ್ತು ಡಿಸೆಂಬರ್‌ನಲ್ಲಿ 6 ದಿನಗಳಂತೆ ಎರಡು ಕಂತುಗಳಲ್ಲಿ ಜಮೆ ಮಾಡುವುದನ್ನು ನಾನು ಸಲಹೆ ಮಾಡುತ್ತೇನೆ. ಡಿಸೆಂಬರ್ 31ಕ್ಕೆ ರಜೆ ರದ್ದಾಗುವ ಶಾಲೆಗಳಲ್ಲಿ ಏನಾಗುತ್ತದೆ ಎಂಬುದನ್ನು ಮಲೆನಾಡಿನ ಮುಖ್ಯೋಪಾಧ್ಯಾಯರಿಗೆ ವಿವರಿಸಬೇಕಾಗಿಲ್ಲ. ಉಳಿದ ರಜೆಯನ್ನು ಮುಗಿಸುವ ಆತುರ, ಕಾಫಿ ಕೊಯ್ಲು ಮತ್ತು ಶಾಲಾ ವಾರ್ಷಿಕೋತ್ಸವ ಮೂರೂ ಒಂದೇ ತಿಂಗಳಲ್ಲಿ ಬಂದು ಬೀಳುತ್ತವೆ. ಶೈಕ್ಷಣಿಕ ವರ್ಷಕ್ಕೆ ಬದಲಿಸಿದ ಮಾತ್ರಕ್ಕೆ ಈ ಆತುರ ಹೋಗುವುದಿಲ್ಲ, ಅದು ಎಸ್.ಎಸ್.ಎಲ್.ಸಿ. ಪರೀಕ್ಷೆಯ ಮುಂಚಿನ ವಾರಗಳಿಗೆ ಸರಿಯುತ್ತದೆ ಅಷ್ಟೆ. ಆದ್ದರಿಂದ ‘ವರ್ಷಾಂತ್ಯಕ್ಕೆ ಬಳಸದೆ ಉಳಿದ ಸಾಂದರ್ಭಿಕ ರಜೆಯು ವೈದ್ಯಕೀಯ ರಜೆಯ ಖಾತೆಗೆ ವರ್ಗವಾಗುತ್ತದೆ’ ಎಂಬ ವಾಕ್ಯವನ್ನು ಸೇರಿಸಬೇಕು. ಉಳಿಸಿದ ದಿನ ನಷ್ಟವಾಗುವುದಿಲ್ಲ, ಮುಂದೆ ಕಾಯಿಲೆಯ ಕಾಲಕ್ಕೆ ಒದಗುತ್ತದೆ ಎಂಬ ಖಾತರಿ ಸಿಕ್ಕಾಗ ಯಾರೂ ಫೆಬ್ರವರಿಯಲ್ಲಿ ರಜೆಗಾಗಿ ನೆಪ ಹುಡುಕುವುದಿಲ್ಲ.

ವೈದ್ಯಕೀಯ ರಜೆಗೆ ಸಂಬಂಧಿಸಿದಂತೆ, ಎರಡು ದಿನಗಳನ್ನು ಮೀರಿದರೆ ವೈದ್ಯರ ಪ್ರಮಾಣಪತ್ರ ಬೇಕು ಎಂದಷ್ಟೇ ಬರೆದರೆ ಸಾಕು. ಹೆರಿಗೆ ರಜೆಯನ್ನು ಶಾಲೆಯು ತನ್ನ ಇಷ್ಟದಂತೆ ನಿಗದಿ ಮಾಡುವಂತಿಲ್ಲ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆ ಕಾನೂನುಬದ್ಧ ಹಕ್ಕಾಗಿದೆ, ಹೆರಿಗೆಗೆ ಮುಂಚೆ ಅದರಲ್ಲಿ 8 ವಾರಗಳವರೆಗೆ ಬಳಸಿಕೊಳ್ಳಬಹುದು. ‘ಆಡಳಿತ ಮಂಡಳಿಯ ವಿವೇಚನೆಗೆ ಒಳಪಟ್ಟು ಮೂರು ತಿಂಗಳು’ ಎಂಬಂತಹ ಹಳೆಯ ವಾಕ್ಯಗಳು ಕೈಪಿಡಿಯಲ್ಲಿ ಉಳಿದಿದ್ದರೆ ಇಂದೇ ತೆಗೆದುಹಾಕಬೇಕು. ಚುನಾವಣೆ, ಜನಗಣತಿ, ಮೌಲ್ಯಮಾಪನ ಮುಂತಾದ ಸರ್ಕಾರಿ ಆದೇಶದ ಕೆಲಸಕ್ಕೆ ಹೋದ ದಿನವು ರಜೆಯಲ್ಲ. ಅದನ್ನು ಹಾಜರಾತಿ ವಹಿಯಲ್ಲಿ ‘ಅನ್ಯ ಕಾರ್ಯ ನಿಮಿತ್ತ’ ಎಂದು ನಮೂದಿಸಿ ಆದೇಶದ ಪ್ರತಿಯನ್ನು ಕಡತದಲ್ಲಿ ಇರಿಸಬೇಕು.

ಮಳೆಗಾಲದ ಗೈರುಹಾಜರಿಗೆ ನಮ್ಮ ಭಾಗದ ಶಾಲೆಗಳು ಪ್ರತ್ಯೇಕವಾದ ಕಲಮನ್ನು ಬರೆಯಲೇಬೇಕು, ಏಕೆಂದರೆ ಜುಲೈ ಮತ್ತು ಆಗಸ್ಟ್ ತಿಂಗಳುಗಳ ಜಗಳಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ಮಳೆಯ ರಜೆಯನ್ನು ಎಷ್ಟೋ ಸಲ ಇಡೀ ಜಿಲ್ಲೆಗೆ ಘೋಷಿಸದೆ ತಾಲ್ಲೂಕುವಾರು ಘೋಷಿಸಲಾಗುತ್ತದೆ. ಶಾಲೆ ಬೇಲೂರು ತಾಲ್ಲೂಕಿನಲ್ಲಿದ್ದು ಶಿಕ್ಷಕರ ಮನೆ ಮೂಡಿಗೆರೆ ತಾಲ್ಲೂಕಿನಲ್ಲಿದ್ದರೆ ಎರಡು ಜಿಲ್ಲಾಡಳಿತಗಳ ಎರಡು ಪ್ರಕಟಣೆಗಳು ಒಂದೇ ಬೆಳಿಗ್ಗೆ ಮೊಬೈಲಿಗೆ ಬಂದು ಬೀಳಬಹುದು. ಇದಕ್ಕೆ ಮೂರು ವಾಕ್ಯಗಳು ಬೇಕು. ರಜೆಯ ಘೋಷಣೆಯು ಶಾಲೆ ಇರುವ ತಾಲ್ಲೂಕಿಗೆ ಅನ್ವಯಿಸಿದರೆ ಮಾತ್ರ ಸಿಬ್ಬಂದಿಗೂ ಅನ್ವಯಿಸುತ್ತದೆ. ಶಾಲೆ ತೆರೆದಿದ್ದು, ಮರ ಬಿದ್ದು ಅಥವಾ ಗುಡ್ಡ ಕುಸಿದು ಶಿಕ್ಷಕರ ದಾರಿ ಮುಚ್ಚಿಹೋಗಿದ್ದರೆ ಅದನ್ನು ‘ಮಾರ್ಗ ಬಂದ್ ಗೈರು’ ಎಂದು ನಮೂದಿಸಿ, ವರ್ಷಕ್ಕೆ 3 ದಿನಗಳವರೆಗೆ ಯಾವ ರಜೆಯಿಂದಲೂ ಕಳೆಯದೆ ಬಿಡಲಾಗುತ್ತದೆ. ದಾರಿ ತೆರೆದಿದ್ದು, ಮನೆಯಿರುವ ತಾಲ್ಲೂಕಿಗೆ ರಜೆ ಘೋಷಣೆಯಾಗಿದೆ ಎಂಬುದಷ್ಟೇ ಕಾರಣವಾಗಿದ್ದರೆ ಅದು ಸಾಂದರ್ಭಿಕ ರಜೆ. ದಾರಿ ಮುಚ್ಚಿರುವುದನ್ನು ಪರಿಶೀಲಿಸಲು ಶಿಕ್ಷಕರಿಂದ ಫೋಟೊ ಕೇಳುವುದು ಅವಮಾನಕರ. ಅದೇ ದಾರಿಯಲ್ಲಿ ಬರುವ ಮಕ್ಕಳ ಹಾಜರಾತಿಯನ್ನು ನೋಡಿದರೆ ವಿಷಯ ತಾನಾಗಿ ತಿಳಿಯುತ್ತದೆ. ಮಳೆಯ ರಜೆಯನ್ನು ಸರಿದೂಗಿಸಲು ಶನಿವಾರ ಮಧ್ಯಾಹ್ನ ತರಗತಿ ನಡೆಸಿದರೆ ಆ ಮಧ್ಯಾಹ್ನದ ಗೈರು ಅರ್ಧ ದಿನದ ರಜೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಮೂರನೆಯ ಹೆಜ್ಜೆ: ರಜೆ ಕೋರುವ ವಿಧಾನ

ಮೊದಲೇ ತಿಳಿದಿರುವ ರಜೆಗೆ ಮೂರು ಕೆಲಸದ ದಿನಗಳ ಮುಂಚೆ ಲಿಖಿತ ಅರ್ಜಿ ಕೊಡಬೇಕು, ಅರ್ಜಿಯ ಕೆಳಭಾಗದಲ್ಲಿ ಆ ದಿನದ ತನ್ನ ಅವಧಿಗಳನ್ನು ಮತ್ತು ಸಹೋದ್ಯೋಗಿಗಳೊಡನೆ ತಾನೇ ಮಾತನಾಡಿ ಒಪ್ಪಿಸಿಕೊಂಡ ಅವಧಿಗಳ ವಿನಿಮಯವನ್ನು ಬರೆದಿರಬೇಕು. ಜೂನ್ ಮೊದಲ ವಾರದ ಸಿಬ್ಬಂದಿ ಸಭೆಯಲ್ಲಿ ಗೋಡೆಯ ಕ್ಯಾಲೆಂಡರೊಂದನ್ನು ಇಟ್ಟು, ಊರ ಜಾತ್ರೆ, ಮನೆಯ ಮದುವೆ, ಹಾಸನಾಂಬೆಯ ದರ್ಶನದ ದಿನಗಳು, ತೋಟದ ಕೊಯ್ಲು ಎಂದು ಪ್ರತಿಯೊಬ್ಬರೂ ತಮಗೆ ತಿಳಿದಿರುವ ದಿನಗಳನ್ನು ಪೆನ್ಸಿಲಿನಲ್ಲಿ ಗುರುತಿಸುವ ಪದ್ಧತಿ ಇದ್ದರೆ ಒಂದೇ ದಿನಕ್ಕೆ ನಾಲ್ಕು ಅರ್ಜಿ ಬರುವ ಸಂದರ್ಭಗಳು ಬಹಳಷ್ಟು ಕಡಿಮೆಯಾಗುತ್ತವೆ.

ಹಠಾತ್ ರಜೆಗೆ ಬೆಳಿಗ್ಗೆ 7.45ರೊಳಗೆ ಮುಖ್ಯೋಪಾಧ್ಯಾಯರಿಗೆ ದೂರವಾಣಿ ಕರೆ ಮಾಡಬೇಕು, ಸಿಬ್ಬಂದಿಯ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಹಾಕಿದರೆ ಸಾಲದು ಎಂದು ಸ್ಪಷ್ಟವಾಗಿ ಬರೆಯಬೇಕು. ಗುಂಪಿನ ಸಂದೇಶವನ್ನು ಎಲ್ಲರೂ ನೋಡಿರುತ್ತಾರೆ, ಆದರೆ ಯಾರ ಮೇಲೂ ಜವಾಬ್ದಾರಿ ಬಿದ್ದಿರುವುದಿಲ್ಲ. ಜೊತೆಗೆ ಕಾಯಿಲೆಯ ವಿವರ, ಮನೆಯ ತೊಂದರೆ ಎಲ್ಲವೂ ಎಲ್ಲರ ಮುಂದೆ ತೆರೆದುಕೊಳ್ಳುತ್ತವೆ. ಕರೆಯಲ್ಲಿ ಶಿಕ್ಷಕರು ಹೇಳಬೇಕಾದುದು ಮೂರೇ ಸಂಗತಿ: ಇಂದು ಬರಲಾಗುವುದಿಲ್ಲ, ನಾಳೆ ಬರುವ ಸಾಧ್ಯತೆ ಎಷ್ಟು, ಪ್ರತಿ ವಿಭಾಗದಲ್ಲಿ ಪಾಠ ಎಲ್ಲಿಗೆ ನಿಂತಿದೆ. ಕಾರಣವನ್ನು ಕೆದಕಿ ಕೇಳುವುದು ಮುಖ್ಯೋಪಾಧ್ಯಾಯರಿಗೆ ಶೋಭೆಯಲ್ಲ. ಒಳಗುಟ್ಟಿನ ಕಾರಣವನ್ನು ಶಿಕ್ಷಕಿಯೊಬ್ಬರು ನಂಬಿ ಹೇಳಿಕೊಂಡರೆ ಅದು ಸ್ಟಾಫ್ ರೂಮಿಗೆ ಹೋಗಕೂಡದು.

ನಾಲ್ಕನೆಯ ಹೆಜ್ಜೆ: ಬದಲಿ ವ್ಯವಸ್ಥೆ

ಬದಲಿ ವ್ಯವಸ್ಥೆಯ ಹೊಣೆಯನ್ನು ಮುಖ್ಯೋಪಾಧ್ಯಾಯರು ಒಬ್ಬ ಹಿರಿಯ ಶಿಕ್ಷಕರಿಗೆ ಲಿಖಿತವಾಗಿ ವಹಿಸಬೇಕು. ಅವರು 9.15ರೊಳಗೆ ಬದಲಿ ಪಟ್ಟಿಯನ್ನು ತಯಾರಿಸಿ, 9.30ಕ್ಕೆ ಸ್ಟಾಫ್ ರೂಮಿನ ಫಲಕಕ್ಕೆ ಹಚ್ಚಬೇಕು. ಬದಲಿಗೆ ಹೋಗುವವರು ಪ್ರಾರ್ಥನೆಗೆ ಮುನ್ನ ತಮ್ಮ ಹೆಸರಿನ ಎದುರು ಸಹಿ ಹಾಕಬೇಕು. ಈ ವೇಳೆಗಳನ್ನು ಕೈಪಿಡಿಯಲ್ಲಿ ಅಂಕಿಗಳಲ್ಲೇ ಬರೆಯಬೇಕು. ‘ಸಕಾಲದಲ್ಲಿ’ ಎಂಬ ಪದವು ಮೊದಲ ಅವಧಿಯ ಗಂಟೆ ಹೊಡೆಯುವವರೆಗೂ ಹಿಗ್ಗುತ್ತದೆ.

ಬದಲಿಯನ್ನು ಆರಿಸುವ ಕ್ರಮದಲ್ಲಿ ನಾಲ್ಕು ಮೆಟ್ಟಿಲುಗಳಿವೆ, ಮೇಲಿನದು ಸಾಧ್ಯವಾಗದಿದ್ದಾಗ ಮಾತ್ರ ಕೆಳಗಿನದಕ್ಕೆ ಇಳಿಯಬೇಕು. ಮೊದಲನೆಯದು ವಿನಿಮಯ: ಅದೇ ವಿಭಾಗಕ್ಕೆ ಬೇರೆ ವಿಷಯ ಬೋಧಿಸುವ, ಆ ಅವಧಿಯಲ್ಲಿ ಬಿಡುವಾಗಿರುವ ಶಿಕ್ಷಕರು ತಮ್ಮದೇ ಪಾಠವನ್ನು ಮಾಡುತ್ತಾರೆ ಮತ್ತು ಅದೇ ವಾರದಲ್ಲಿ ತಮ್ಮ ಒಂದು ಅವಧಿಯನ್ನು ಗೈರಾದವರಿಗೆ ಮರಳಿ ಕೊಡುತ್ತಾರೆ. ಎರಡೂ ವಿಷಯಗಳ ಒಂದು ಅವಧಿಯೂ ಇಲ್ಲಿ ನಷ್ಟವಾಗುವುದಿಲ್ಲ. ಎರಡನೆಯದು, ಅದೇ ವಿಷಯದ ಇನ್ನೊಬ್ಬ ಶಿಕ್ಷಕರಿಂದ ಅಭ್ಯಾಸ ಅಥವಾ ಪುನರಾವರ್ತನೆ. ಮೂರನೆಯದು, ಬಿಡುವಾಗಿರುವ ಯಾರಾದರೂ, ಗೈರಾದವರು ಮೊದಲೇ ತಯಾರಿಸಿಟ್ಟ ಬದಲಿ ಕಡತದ ಅಭ್ಯಾಸ ಹಾಳೆಯನ್ನು ಕೊಟ್ಟು ಮೇಲ್ವಿಚಾರಣೆ ಮಾಡುವುದು. ಎರಡು ವಿಭಾಗಗಳನ್ನು ಒಂದೇ ಕೊಠಡಿಯಲ್ಲಿ ಕೂಡಿಸುವುದು ಕೊನೆಯ ಮೆಟ್ಟಿಲು. ಎಂಬತ್ತು ಮಕ್ಕಳನ್ನು ಒಂದು ಕೊಠಡಿಯಲ್ಲಿ ಕೂಡಿಸಿದರೆ ಅಲ್ಲಿ ಕಲಿಕೆ ನಡೆಯುವುದಿಲ್ಲ. ಆದರೂ ಶಿಕ್ಷಕರಿಲ್ಲದ ಕೊಠಡಿಗಿಂತ ಅದು ಸುರಕ್ಷಿತ, ಆ ಕಾರಣಕ್ಕಷ್ಟೇ ಅದನ್ನು ಪಟ್ಟಿಯಲ್ಲಿ ಉಳಿಸಿದ್ದೇನೆ.

ಒಂದು ಬುಧವಾರವನ್ನು ಮಾದರಿಯಾಗಿ ನೋಡೋಣ. ಬೇಲೂರು ತಾಲ್ಲೂಕಿನ ಈ ಶಾಲೆಯಲ್ಲಿ 8 ಮತ್ತು 10ನೆಯ ತರಗತಿಯ ನಾಲ್ಕೂ ವಿಭಾಗಗಳಿಗೆ ಗಣಿತ ಬೋಧಿಸುವ ಶಿಕ್ಷಕಿಯು ಮೂಡಿಗೆರೆ ಕಡೆಯಿಂದ ಬಸ್ಸಿನಲ್ಲಿ ಬರುತ್ತಾರೆ. ಜುಲೈ ತಿಂಗಳ ಬೆಳಿಗ್ಗೆ 7.20ಕ್ಕೆ ಅವರು ಕರೆ ಮಾಡಿ, ರಸ್ತೆಗೆ ಮರ ಬಿದ್ದು ಬಸ್ಸು ನಿಂತಿದೆ ಎನ್ನುತ್ತಾರೆ. ಶಾಲೆಯ ತಾಲ್ಲೂಕಿಗೆ ರಜೆ ಇಲ್ಲ. ಅವರಿಗೆ ಆ ದಿನ ನಾಲ್ಕು ಅವಧಿಗಳಿವೆ: 1ನೆಯದು 10-ಎ, 3ನೆಯದು 8-ಬಿ, 5ನೆಯದು 10-ಬಿ, 6ನೆಯದು 8-ಎ.

ಮೊದಲ ಅವಧಿಯಲ್ಲಿ 10-ಎ ವಿಭಾಗದ ವಿಜ್ಞಾನ ಶಿಕ್ಷಕರು ಬಿಡುವಾಗಿದ್ದಾರೆ, ಅವರಿಗೆ ಗುರುವಾರ 4ನೆಯ ಅವಧಿ ಅದೇ ವಿಭಾಗದಲ್ಲಿದೆ. ಆ ವೇಳೆಯಲ್ಲಿ ಗಣಿತ ಶಿಕ್ಷಕಿಗೂ ಬಿಡುವಿದೆ. ಹೀಗಾಗಿ ಬುಧವಾರ ವಿಜ್ಞಾನ, ಗುರುವಾರ ಗಣಿತ ಎಂದು ವಿನಿಮಯವಾಗುತ್ತದೆ. 3ನೆಯ ಅವಧಿಗೆ 8-ಬಿ ವಿಭಾಗದ ಕನ್ನಡ ಶಿಕ್ಷಕರೊಡನೆ ಇದೇ ರೀತಿ ಶುಕ್ರವಾರದ 2ನೆಯ ಅವಧಿಯ ವಿನಿಮಯ ಸಾಧ್ಯವಾಗುತ್ತದೆ. 5ನೆಯ ಅವಧಿಯಲ್ಲಿ 10-ಬಿ ವಿಭಾಗಕ್ಕೆ ಬೋಧಿಸುವವರು ಯಾರೂ ಬಿಡುವಾಗಿಲ್ಲ, ಆದರೆ 9ನೆಯ ತರಗತಿಗೆ ಗಣಿತ ಬೋಧಿಸುವ ಶಿಕ್ಷಕರು ಇದ್ದಾರೆ. ಅವರು ಹೊಸ ಅಧ್ಯಾಯವನ್ನು ಆರಂಭಿಸದೆ, ಮುಗಿದಿರುವ ಸಮಾಂತರ ಶ್ರೇಢಿಯ ಲೆಕ್ಕಗಳನ್ನು ಬೋರ್ಡಿನ ಮೇಲೆ ಮಕ್ಕಳಿಂದಲೇ ಮಾಡಿಸುತ್ತಾರೆ.

6ನೆಯ ಅವಧಿಗೆ ದೈಹಿಕ ಶಿಕ್ಷಣ ಶಿಕ್ಷಕರು ಮತ್ತು 9, 10ನೆಯ ತರಗತಿಗಳಿಗಷ್ಟೇ ಬೋಧಿಸುವ ಸಮಾಜ ವಿಜ್ಞಾನ ಶಿಕ್ಷಕಿ ಬಿಡುವಾಗಿದ್ದಾರೆ. ಕೈ ತಾನಾಗಿ ದೈಹಿಕ ಶಿಕ್ಷಣ ಶಿಕ್ಷಕರ ಹೆಸರಿನ ಕಡೆಗೆ ಹೋಗುತ್ತದೆ. ಬದಲಿ ತರಗತಿಗಳನ್ನು ದಾಖಲಿಸುವ ವಹಿಯನ್ನು ತೆರೆದು ನೋಡಿದರೆ ಈ ತಿಂಗಳಲ್ಲಿ ಅವರು ಆಗಲೇ ಆರು ಬದಲಿ ತರಗತಿಗಳನ್ನು ನಿಭಾಯಿಸಿದ್ದಾರೆ, ಸಮಾಜ ವಿಜ್ಞಾನ ಶಿಕ್ಷಕಿ ಎರಡನ್ನು ನಿಭಾಯಿಸಿದ್ದಾರೆ. ಪಟ್ಟಿಯಲ್ಲಿ ಶಿಕ್ಷಕಿಯ ಹೆಸರು ಬರುತ್ತದೆ. ಅವರು ಬೀರುವಿನಿಂದ 8-ಎ ಗಣಿತದ ಬದಲಿ ಕಡತವನ್ನು ತೆಗೆದುಕೊಂಡು ಹೋಗಿ ಹಾಳೆಯನ್ನು ಮಾಡಿಸುತ್ತಾರೆ. ನಾಲ್ಕು ಗಣಿತ ಅವಧಿಗಳಲ್ಲಿ ಎರಡು ಅದೇ ವಾರ ಮರಳಿ ಸಿಕ್ಕವು, ಒಂದರಲ್ಲಿ ವಿಷಯ ಬಲ್ಲವರಿಂದಲೇ ಅಭ್ಯಾಸ ನಡೆಯಿತು, ಒಂದು ಮಾತ್ರ ಹಾಳೆಯಲ್ಲಿ ಕಳೆಯಿತು. ಗೈರುಹಾಜರಿಯ ದಿನವೊಂದರಲ್ಲಿ ಇದಕ್ಕಿಂತ ಹೆಚ್ಚಿನದನ್ನು ಬಯಸುವುದು ಕಷ್ಟ. ಮೂಡಿಗೆರೆ ದಾರಿಯ ಮಕ್ಕಳೂ ಆ ದಿನ ಬಂದಿಲ್ಲವಾದ್ದರಿಂದ ಶಿಕ್ಷಕಿಯ ಗೈರನ್ನು ‘ಮಾರ್ಗ ಬಂದ್’ ಎಂದು ನಮೂದಿಸಲಾಗುತ್ತದೆ.

ಈ ವ್ಯವಸ್ಥೆ ನಿಲ್ಲುವುದು ಬದಲಿ ಕಡತದ ಮೇಲೆ. ಪ್ರತಿ ಶಿಕ್ಷಕರೂ ತಾವು ಬೋಧಿಸುವ ಪ್ರತಿ ತರಗತಿಗೆ ಮೂರು ಹಾಳೆಗಳನ್ನು ತಯಾರಿಸಿ ಸ್ಟಾಫ್ ರೂಮಿನ ಬೀರುವಿನಲ್ಲಿ ಇಟ್ಟಿರಬೇಕು. ಹಾಳೆಯಲ್ಲಿ ಹೊಸ ಪಾಠ ಇರಬಾರದು. ವಿಷಯ ತಿಳಿಯದವರೂ ಮಾಡಿಸುವಂತಿರಬೇಕು, ಉತ್ತರಗಳು ಹಿಂಬದಿಯಲ್ಲಿರಬೇಕು ಮತ್ತು 40 ನಿಮಿಷಕ್ಕೆ ಸಾಕಾಗುವಷ್ಟು ಕೆಲಸವಿರಬೇಕು. ಹತ್ತು ನಿಮಿಷಕ್ಕೆ ಮುಗಿಯುವ ಹಾಳೆಯನ್ನು ಕೊಟ್ಟರೆ ಉಳಿದ ಅರ್ಧ ಗಂಟೆ ಗದ್ದಲದಲ್ಲಿ ಹೋಗುತ್ತದೆ. ತಿಂಗಳ ಕೊನೆಯ ಶನಿವಾರ ಹಾಳೆಗಳನ್ನು ಬದಲಿಸಬೇಕು. ಮಕ್ಕಳು ‘ಇದನ್ನು ಆಗಲೇ ಮಾಡಿದ್ದೇವೆ’ ಎಂದು ಹೇಳತೊಡಗಿದರೆ ಕಡತ ಹಳತಾಗಿದೆ ಎಂದು ಅರ್ಥ. ಕಡತದ ಮೊದಲ ಪುಟದಲ್ಲಿ ತರಗತಿ ನಾಯಕರ ಹೆಸರು ಮತ್ತು ಕೂರುವ ಕ್ರಮದ ನಕ್ಷೆ ಇರಲಿ. ಮೂರ್ಛೆ ರೋಗ ಅಥವಾ ಉಬ್ಬಸದಂತಹ ತೊಂದರೆ ಇರುವ ಮಕ್ಕಳ ವಿವರವನ್ನು ಮಾತ್ರ ಕಡತದಲ್ಲಿ ಬರೆಯದೆ ಬದಲಿಗೆ ಹೋಗುವವರಿಗೆ ಬಾಯಿಮಾತಿನಲ್ಲಿ ತಿಳಿಸಬೇಕು.

ಬದಲಿ ವಹಿಯಲ್ಲಿ ದಿನಾಂಕ, ಅವಧಿ, ವಿಭಾಗ, ಗೈರಾದವರು, ಬದಲಿಗೆ ಹೋದವರು, ವಿನಿಮಯವಾದರೆ ಮರಳಿಸುವ ದಿನ, ತರಗತಿಯಲ್ಲಿ ನಡೆದದ್ದರ ಬಗ್ಗೆ ಒಂದು ಸಾಲು, ಸಹಿ ಇಷ್ಟು ಅಂಕಣಗಳು ಸಾಕು. ಇದರಿಂದ ತಿಂಗಳಿಗೊಮ್ಮೆ ಎರಡು ಮೊತ್ತಗಳನ್ನು ತೆಗೆಯಬೇಕು. ಮೊದಲನೆಯದು, ಯಾರ ಪಾಲಿಗೆ ಎಷ್ಟು ಬದಲಿ ತರಗತಿಗಳು ಬಿದ್ದಿವೆ ಎಂಬುದು. ದಿನಕ್ಕೆ ಒಂದು, ವಾರಕ್ಕೆ ಮೂರು ಎಂಬ ಮಿತಿಯನ್ನು ಕೈಪಿಡಿಯಲ್ಲಿ ಬರೆಯಬೇಕು. ಬಿಡುವಿನ ಅವಧಿಯು ವಿಶ್ರಾಂತಿಯಲ್ಲ, ನೋಟ್ ಪುಸ್ತಕಗಳನ್ನು ತಿದ್ದುವುದು ಮತ್ತು ಪಾಠ ಟಿಪ್ಪಣಿ ಬರೆಯುವುದು ನಡೆಯುವುದೇ ಆ ವೇಳೆಯಲ್ಲಿ. ಎರಡನೆಯದು, ಯಾವ ವಿಭಾಗವು ಯಾವ ವಿಷಯದ ಎಷ್ಟು ಅವಧಿಗಳನ್ನು ಕಳೆದುಕೊಂಡಿದೆ ಎಂಬುದು. ರಜೆಯ ಖಾತೆಯಲ್ಲಿ ಕಾಣದ ಸಂಗತಿ ಇಲ್ಲಿ ಕಾಣುತ್ತದೆ. ಕೊಯ್ಲಿನ ಕಾಲದಲ್ಲಿ ಒಬ್ಬ ಶಿಕ್ಷಕರು ನಾಲ್ಕು ವಾರ ಸೋಮವಾರವೇ ರಜೆ ಹಾಕಿದರೆ ಅವರ ಖಾತೆಯಿಂದ ನಾಲ್ಕು ದಿನಗಳಷ್ಟೇ ಹೋಗಿರುತ್ತವೆ, ನಿಯಮದ ಉಲ್ಲಂಘನೆಯೂ ಆಗಿರುವುದಿಲ್ಲ. ಆದರೆ ಅವರ ಸೋಮವಾರದ ಮೊದಲ ಅವಧಿ 10-ಎ ಆಗಿದ್ದರೆ ನಷ್ಟವೆಲ್ಲ ಅದೇ ಮಕ್ಕಳ ಮೇಲೆ ಬಿದ್ದಿರುತ್ತದೆ. ಆದ್ದರಿಂದ ‘ಸತತ ವಾರಗಳಲ್ಲಿ ಅದೇ ದಿನದಂದು ಎರಡಕ್ಕಿಂತ ಹೆಚ್ಚು ಬಾರಿ ರಜೆ ಕೋರುವವರು ವಿನಿಮಯವನ್ನು ಮೊದಲೇ ಒಪ್ಪಿಸಿಕೊಂಡಿರಬೇಕು’ ಎಂದು ಬರೆಯುವುದು ನ್ಯಾಯ.

ದೈಹಿಕ ಶಿಕ್ಷಣದ ಅವಧಿಯ ಬಗ್ಗೆ ಒಂದು ಮಾತು. ಅದನ್ನು ಗಣಿತಕ್ಕೋ ವಿಜ್ಞಾನಕ್ಕೋ ಪಡೆದರೆ ಮರಳಿಸುವ ದಿನದ ಅಂಕಣವನ್ನು ತುಂಬಲೇಬೇಕು. ಆಟದ ಅವಧಿಯನ್ನು ಸಾಲ ಪಡೆದು ಮರೆಯುವ ಅಭ್ಯಾಸ ನಮ್ಮ ಶಾಲೆಗಳಲ್ಲಿ ಬೇರೂರಿದೆ, ಇದನ್ನು ಮಕ್ಕಳಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಗೈರು ಐದು ಕೆಲಸದ ದಿನಗಳನ್ನು ಮೀರುವುದಾದರೆ ಬದಲಿ ಪಟ್ಟಿಯನ್ನು ನಿಲ್ಲಿಸಿ ತಾತ್ಕಾಲಿಕ ಶಿಕ್ಷಕರನ್ನು ನೇಮಿಸಿಕೊಳ್ಳಬೇಕು. ಒಬ್ಬರ 24 ಅವಧಿಗಳನ್ನು ಉಳಿದ 9 ಜನ ಹಂಚಿಕೊಂಡರೆ ತಲಾ ಸುಮಾರು ಮೂರು ಬರುತ್ತವೆ, ಅದು ವಾರದ ಮಿತಿಯನ್ನೆಲ್ಲ ನುಂಗಿಬಿಡುತ್ತದೆ, ಇನ್ನೊಬ್ಬರಿಗೆ ಜ್ವರ ಬಂದರೆ ಜಾಗವಿರುವುದಿಲ್ಲ. ಹೆರಿಗೆ ರಜೆಯಂತೂ ತಿಂಗಳುಗಳ ಮುಂಚೆ ತಿಳಿದಿರುವುದರಿಂದ ತಾತ್ಕಾಲಿಕ ಶಿಕ್ಷಕರು ಒಂದು ವಾರ ಮೊದಲೇ ಬಂದು ತರಗತಿಗಳಲ್ಲಿ ಹಿಂದೆ ಕುಳಿತು ನೋಡುವಂತೆ ಏರ್ಪಾಡು ಮಾಡಬೇಕು.

ಐದನೆಯ ಹೆಜ್ಜೆ: ನಡತೆಯ ನಿಯಮಗಳು

ನಡತೆಯ ಭಾಗವನ್ನು ‘ಶಿಕ್ಷಕರು ಆದರ್ಶಪ್ರಾಯರಾಗಿರಬೇಕು’ ಎಂಬಂತಹ ವಾಕ್ಯಗಳಿಂದ ತುಂಬಿಸಿದರೆ ಯಾರಿಗೂ ಉಪಯೋಗವಿಲ್ಲ. ಕಣ್ಣಿಗೆ ಕಾಣುವ, ನಡೆಯಿತೋ ಇಲ್ಲವೋ ಎಂದು ಹೇಳಬಹುದಾದ ವರ್ತನೆಯನ್ನು ಬರೆಯಬೇಕು. ಹಾಜರಾತಿ ವಹಿಯಲ್ಲಿ ತನ್ನ ಸಹಿಯನ್ನು ತಾನೇ, ಬಂದ ವೇಳೆಯೊಂದಿಗೆ ಹಾಕಬೇಕು, ಮುಂಗಡ ಸಹಿ ಮತ್ತು ಇತರರ ಪರವಾದ ಸಹಿ ಎರಡೂ ಗಂಭೀರ ತಪ್ಪುಗಳು. ಶಾಲಾ ವೇಳೆಯಲ್ಲಿ ಹೊರಗೆ ಹೋಗುವಾಗ ಚಲನವಲನ ವಹಿಯಲ್ಲಿ ಬರೆಯಬೇಕು. ಮುಂದಿನ ಅವಧಿಯ ಶಿಕ್ಷಕರು ಬಾಗಿಲಿಗೆ ಬರುವವರೆಗೆ ಕೊಠಡಿಯನ್ನು ಬಿಡಬಾರದು. ಅವರು ಐದು ನಿಮಿಷ ಕಳೆದರೂ ಬಾರದಿದ್ದರೆ ತರಗತಿ ನಾಯಕನನ್ನು ಕಚೇರಿಗೆ ಕಳುಹಿಸಬೇಕು.

ಬದಲಿ ತರಗತಿಯಲ್ಲಿ ನಡತೆಯ ಪರೀಕ್ಷೆ ಹೆಚ್ಚು ಕಠಿಣವಾದದ್ದು, ಏಕೆಂದರೆ ಅಲ್ಲಿ ಮಕ್ಕಳ ಪರಿಚಯ ಕಡಿಮೆ, ಗದ್ದಲ ಹೆಚ್ಚು, ತನ್ನ ಕೆಲಸ ಬೇರೆ ಬಾಕಿ ಇರುತ್ತದೆ. ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣವು ನಿಷೇಧಿಸಿದೆ. 9, 10ನೆಯ ತರಗತಿಗಳ ಮಕ್ಕಳಿಗೂ ಶಾಲೆ ಅದೇ ಅಳತೆಗೋಲನ್ನು ಪಾಲಿಸುತ್ತದೆ ಎಂದು ಕೈಪಿಡಿ ಹೇಳಬೇಕು. ಹೊರಗೆ ನಿಲ್ಲಿಸುವುದು, ಬಸ್ಕಿ ಹೊಡೆಸುವುದು, ಮನೆತನ ಅಥವಾ ಜಾತಿಯನ್ನು ಎತ್ತಿ ಆಡುವುದು ಇವೆಲ್ಲ ಇದರಲ್ಲಿ ಸೇರುತ್ತವೆ ಎಂದು ಬಿಡಿಸಿ ಬರೆದರೆ ‘ನಾನು ಹೊಡೆದಿಲ್ಲವಲ್ಲ’ ಎಂಬ ವಾದಕ್ಕೆ ಎಡೆಯಿರುವುದಿಲ್ಲ. ಮಕ್ಕಳಿಗೆ ಹಾಳೆ ಕೊಟ್ಟು ತಾವು ಮೊಬೈಲ್ ನೋಡುತ್ತ ಕೂರಬಾರದು. ‘ನಿಮ್ಮ ಮೇಷ್ಟ್ರು ಇಷ್ಟೂ ಹೇಳಿಕೊಟ್ಟಿಲ್ಲವೇ’ ಎಂಬ ಒಂದು ಮಾತು ಗೈರಾದ ಸಹೋದ್ಯೋಗಿಯ ಬಗ್ಗೆ ಮಕ್ಕಳಲ್ಲಿ ಇರುವ ಗೌರವವನ್ನು ಕೆಡಿಸುತ್ತದೆ. ಪಾಠದಲ್ಲಿ ಕೊರತೆ ಕಂಡರೆ ಅದನ್ನು ಸಹೋದ್ಯೋಗಿಗೇ ನೇರವಾಗಿ, ಮರುದಿನ, ಬೇರೆಯವರಿಲ್ಲದಾಗ ಹೇಳಬೇಕು.

ಇನ್ನೊಂದು ಸಂದರ್ಭವನ್ನು ಕೈಪಿಡಿ ಮುಂಗಾಣಲೇಬೇಕು. ಪ್ರತಿದಿನದ ಶಿಕ್ಷಕರಿಗೆ ಹೇಳಲಾಗದ ಸಂಗತಿಯನ್ನು ಮಕ್ಕಳು ಕೆಲವೊಮ್ಮೆ ಬದಲಿಗೆ ಬಂದವರಿಗೆ ಹೇಳುತ್ತಾರೆ. ಅದು ಲೈಂಗಿಕ ದೌರ್ಜನ್ಯಕ್ಕೆ ಸಂಬಂಧಿಸಿದ್ದರೆ, ತರಗತಿ ಶಿಕ್ಷಕರು ಮರಳಲಿ ಎಂದು ಕಾಯುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದೇ ಶಿಕ್ಷಾರ್ಹ ಅಪರಾಧ. ಶಿಕ್ಷಕರು ಮಗುವಿನ ಮಾತನ್ನು ಅಡ್ಡಿಪಡಿಸದೆ ಕೇಳಿ, ಪದೇ ಪದೇ ಪ್ರಶ್ನಿಸದೆ, ಅದೇ ದಿನ ಮುಖ್ಯೋಪಾಧ್ಯಾಯರಿಗೆ ತಿಳಿಸಬೇಕು. ಆದರೆ ಅಲ್ಲಿಗೆ ತನ್ನ ಕರ್ತವ್ಯ ಮುಗಿಯಿತೆಂದು ಭಾವಿಸದೆ, ಪೊಲೀಸರಿಗೆ ವರದಿಯಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಕೈಪಿಡಿಯಲ್ಲೂ ಸ್ಟಾಫ್ ರೂಮಿನ ಫಲಕದಲ್ಲೂ ಬರೆದಿರಬೇಕು.

ಖಾಸಗಿ ಟ್ಯೂಷನ್ ವಿಷಯದಲ್ಲಿ, ಶಿಕ್ಷಕರು ಅದನ್ನು ನಡೆಸುವುದನ್ನು ನಿಷೇಧಿಸುವ ಅದೇ ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಪ್ರಕರಣವನ್ನು ಉಲ್ಲೇಖಿಸಿದರೆ ಸಾಕು. ರಜೆ ಹಾಕಿದ ದಿನ ಟ್ಯೂಷನ್ ನಡೆಸಿದ್ದು ಕಂಡುಬಂದರೆ ಆ ರಜೆಯನ್ನು ವೇತನರಹಿತ ಗೈರು ಎಂದು ಪರಿಗಣಿಸಿ ವಿವರಣೆ ಕೇಳಬಹುದು.

ಆರನೆಯ ಹೆಜ್ಜೆ: ತಪ್ಪಿದಾಗ ಮತ್ತು ತಿದ್ದುವಾಗ

ನಿಯಮ ಮೀರಿದಾಗ ಮೊದಲು ಮುಖಾಮುಖಿ ಮಾತು, ಮರುಕಳಿಸಿದರೆ ಲಿಖಿತ ವಿವರಣೆ ಕೇಳುವುದು, ಆಮೇಲೆ ಎಚ್ಚರಿಕೆ ಪತ್ರ, ಕೊನೆಗೆ ಆಡಳಿತ ಮಂಡಳಿಯ ಮುಂದೆ ವಿಚಾರಣೆ ಎಂಬ ಕ್ರಮವನ್ನು ಪಾಲಿಸಬೇಕು, ಪ್ರತಿ ಹಂತದಲ್ಲೂ ಉತ್ತರಕ್ಕೆ ಏಳು ದಿನಗಳ ಕಾಲಾವಕಾಶವಿರಲಿ. ವಿಚಾರಣೆಯಿಲ್ಲದೆ ಕೆಲಸದಿಂದ ತೆಗೆದುಹಾಕಲು ಕರ್ನಾಟಕ ಶಿಕ್ಷಣ ಕಾಯ್ದೆಯೂ ಅವಕಾಶ ಕೊಡುವುದಿಲ್ಲ. ವೇತನರಹಿತ ಗೈರಿಗೆ ತಿಂಗಳ ಸಂಬಳವನ್ನು 30ರಿಂದ ಭಾಗಿಸಿ ದಿನದ ಮೊತ್ತವನ್ನು ಕಳೆಯಬೇಕು. 18,000 ರೂಪಾಯಿ ಸಂಬಳವಿದ್ದರೆ ದಿನಕ್ಕೆ 600 ರೂಪಾಯಿ. ಅದರ ಮೇಲೆ ದಂಡವೆಂದು ಇನ್ನೊಂದು ದಿನದ ಸಂಬಳ ಹಿಡಿಯುವ ಪದ್ಧತಿಗೆ ಕೈಪಿಡಿಯಲ್ಲಿ ಜಾಗ ಕೊಡಕೂಡದು.

ಅಧ್ಯಾಯ ಸಿದ್ಧವಾದ ಮೇಲೆ ಮೇ ಕೊನೆಯಲ್ಲಿ ಕರಡನ್ನು ಎಲ್ಲ ಶಿಕ್ಷಕರಿಗೂ ಓದಲು ಕೊಟ್ಟು, ಆಕ್ಷೇಪಗಳನ್ನು ಬರಹದಲ್ಲಿ ಪಡೆದು, ಜೂನ್ ಮೊದಲ ಸಭೆಯಲ್ಲಿ ಅಂತಿಮ ಪ್ರತಿಯನ್ನು ಹಂಚಿ ಸ್ವೀಕೃತಿ ಸಹಿ ಪಡೆಯಬೇಕು. ಕಚೇರಿಯ ಗುಮಾಸ್ತರು, ಆಯಾ ಮತ್ತು ಶಾಲಾ ವಾಹನದ ಚಾಲಕರಿಗೂ ಅವರಿಗೆ ಅನ್ವಯಿಸುವ ಪುಟಗಳನ್ನು ಕೊಡಬೇಕು. ವರ್ಷದ ನಡುವೆ ಬದಲಾವಣೆ ಅನಿವಾರ್ಯವಾದರೆ ದಿನಾಂಕವಿರುವ ಸುತ್ತೋಲೆಯ ಮೂಲಕ ತಿಳಿಸಿ, ಅದರ ಒಂದು ಪ್ರತಿಯನ್ನು ಕೈಪಿಡಿಯ ಆ ಪುಟಕ್ಕೇ ಅಂಟಿಸಬೇಕು. ಆಗಲೇ ಮಂಜೂರಾಗಿರುವ ರಜೆಗೆ ಹೊಸ ನಿಯಮವನ್ನು ಅನ್ವಯಿಸಬಾರದು.